ಸುದ್ದಿ ಕೈಬಿಡು ಅಂತ ಯಾರೂ ಹೇಳಲ್ಲ: ಜಾಹೀರಾತುದಾರನ ಒತ್ತಡದ ಮೇಲೊಂದು ಸಣ್ಣಕತೆ ಕಟ್ಟೋದು ಹೇಗೆ

ಹೊಸದಾಗಿ ಕೆಲಸಕ್ಕೆ ಸೇರಿದ ಯುವ ವರದಿಗಾರ್ತಿ ಒಬ್ಳು ಒಂದು ಕಂಪನಿಯ ತಪ್ಪಿನ ಬಗ್ಗೆ ಸುದ್ದಿ ಬರೀತಾಳೆ, ಆ ಕಂಪನಿ ಅವಳ ಪತ್ರಿಕೆಗೆ ದೊಡ್ಡ ಜಾಹೀರಾತುದಾರ, ಸುದ್ದಿ ಬಿಡು ಅಂತ ಒತ್ತಡ ಬರತ್ತೆ. ಈ ವಸ್ತು ಇಟ್ಕೊಂಡು ಸಣ್ಣಕತೆ ಬರೆಯೋಕೆ ಹೊರಟವರಿಗೆ ಮೊದಲು ಹೊಳೆಯೋದು ಒಂದೇ ದೃಶ್ಯ: ಕಂಪನಿ ಮಾಲೀಕ ಅವಳನ್ನ ಕರೆಸ್ತಾನೆ, ಮೇಜಿನ ಮೇಲೆ ಒಂದು ಕವರ್ ಇಡ್ತಾನೆ, ತಗೊಳ್ಲಿಲ್ಲ ಅಂದ್ರೆ ಬೆದರಿಸ್ತಾನೆ. ಅಂಥದ್ದು ನಡೆಯೋದೇ ಇಲ್ಲ ಅಂತಲ್ಲ, ಆದ್ರೆ ಅದು ಜಾಹೀರಾತಿನ ಒತ್ತಡ ಅಲ್ಲ, ಅದು ಲಂಚ, ಬೆದರಿಕೆ, ಅಂಥ ಬೆದರಿಕೆಗೆ ಪೊಲೀಸ್ ಕಂಪ್ಲೇಂಟ್ ಕೊಡಬಹುದು. ಜಾಹೀರಾತುದಾರನ ಒತ್ತಡ ಬೇರೆ ದಾರೀಲಿ ಬರತ್ತೆ, ಕಂಪ್ಲೇಂಟ್ ಕೊಡೋಕೆ ಅಲ್ಲಿ ಏನೂ ಸಿಗಲ್ಲ, ಈ ಕತೆ ಬರೆಯೋದು ಕಷ್ಟ ಆಗೋದೂ ಅದಕ್ಕೇ. ಒಂದು ಕತೆಯನ್ನೇ ಕಟ್ತಾ ಹೋಗೋಣ, ಆಗ ಎಲ್ಲೆಲ್ಲಿ ಏನಾಗತ್ತೆ ಅನ್ನೋದು ಕಾಣತ್ತೆ.

ಕಂಪನಿ ಅಂದ್ರೆ ಇಲ್ಲಿ ಒಬ್ಬ ಬಿಲ್ಡರ್ ಅಂತ ಇಟ್ಕೊಳ್ಳಿ. ಅವನು ಕಟ್ಟಿದ ಬಹುಮಹಡಿ ಕಟ್ಟಡಕ್ಕೆ ಜನ ಆಗ್ಲೇ ಬಂದು ಸೇರ್ಕೊಂಡಿದಾರೆ, ಆದ್ರೆ ಅಗ್ನಿಶಾಮಕ ಇಲಾಖೆಯೋರು ತಪಾಸಣೆಗೆ ಬಂದಾಗ ಮೇಲಿನ ಮಹಡಿಗಳ ಹೈಡ್ರೆಂಟ್‌ಗೆ ನೀರಿನ ಪ್ರೆಷರ್ ಬರ್ತಿಲ್ಲ, ಪಂಪ್ ಕೆಲಸ ಮಾಡ್ತಿಲ್ಲ ಅಂತ ಕಂಪನಿಗೆ ಪತ್ರ ಬರೆದಿದಾರೆ. ಆ ಪತ್ರದ ಪ್ರತಿ ನಮ್ಮ ವರದಿಗಾರ್ತಿ ಕೈಗೆ ಸಿಕ್ಕಿದೆ. ಅಲ್ಲಿ ಮನೆ ತಗೊಂಡ ಮೂರು ಜನ ಹೆಸರು ಹಾಕಿದ್ರೂ ಪರವಾಗಿಲ್ಲ ಅಂತ ಮಾತಾಡಿದಾರೆ. ಅವಳು ಇಲಾಖೆಗೆ ಹೋಗಿ ಪತ್ರದ ನಂಬರು, ದಿನಾಂಕ ಎರಡನ್ನೂ ಅಲ್ಲಿನ ರಿಜಿಸ್ಟರ್ ಜೊತೆ ತಾಳೆ ನೋಡ್ಕೊಂಡ್ ಬಂದಿದಾಳೆ. ಇಷ್ಟು ಬಿಗಿ ಇರೋ ಸುದ್ದಿಯನ್ನೇ ಕತೆಗೆ ತಗೋಬೇಕು, ಯಾಕಂದ್ರೆ ಸುದ್ದಿಯಲ್ಲೇ ತೂತಿದ್ರೆ ಸಂಪಾದಕ ತಡೆದದ್ದು ಸರಿಯೋ ಒತ್ತಡವೋ ಅನ್ನೋ ಪ್ರಶ್ನೆ ಕೊನೆವರೆಗೂ ಗೊಂದಲವಾಗೇ ಉಳಿಯತ್ತೆ, ಓದುಗರಿಗೆ ಕತೆಯ ಬಿಸಿ ತಟ್ಟಲ್ಲ.

ಈಗ ಅವಳು ಸರಿಯಾದ ಕೆಲಸ ಒಂದು ಮಾಡ್ತಾಳೆ, ಕಂಪನಿಗೆ ಪ್ರಶ್ನೆಗಳನ್ನ ಮೇಲ್ ಮಾಡ್ತಾಳೆ. ಪತ್ರ ಬಂದಿದ್ದು ನಿಜವಾ, ಪಂಪ್ ಯಾವಾಗ ರಿಪೇರಿ ಆಗತ್ತೆ, ನಿವಾಸಿಗಳಿಗೆ ಯಾಕೆ ಹೇಳಿಲ್ಲ, ಉತ್ತರಕ್ಕೆ ನಾಳೆ ಸಂಜೆವರೆಗೆ ಟೈಮ್. ಯಾರ ಮೇಲೆ ಬರೀತೀವೋ ಅವರ ಮಾತು ಕೇಳದೇ ಬರೆಯೋ ಹಾಗಿಲ್ಲ, ಅದು ಈ ಕಸುಬಿನ ಮೊದಲ ನಿಯಮ, ಮುಂದೆ ಮಾನನಷ್ಟ ಕೇಸ್ ಬಿದ್ರೆ ಅದೂ ರಕ್ಷಣೆಗೆ ಬರತ್ತೆ. ಆದ್ರೆ ಕತೆಗಾರರು ಗಮನಿಸಬೇಕಾದ್ದು ಇಲ್ಲೇ ಇದೆ. ಈ ಮೇಲ್ ಹೋಗೋವರೆಗೂ ಕಂಪನಿಗೆ ಇಂಥದ್ದೊಂದು ಸುದ್ದಿ ತಯಾರಾಗ್ತಿದೆ ಅಂತಲೇ ಗೊತ್ತಿರಲ್ಲ. ಅವಳು ಪ್ರಾಮಾಣಿಕವಾಗಿ ಮಾಡಿದ ಕೆಲಸವೇ ಒತ್ತಡಕ್ಕೆ ಬಾಗಿಲು ತೆಗೆಯತ್ತೆ, ಜೊತೆಗೆ ಎದುರಿನವರಿಗೆ ಒಂದು ಗಡುವನ್ನೂ ಕೊಟ್ಟುಬಿಡತ್ತೆ. ಕತೆಯ ಗಡಿಯಾರ ಶುರುವಾಗೋದು ಈ ಮೇಲ್ ಕಳಿಸಿದ ಗಳಿಗೆಯಿಂದ, ಹಾಗಾಗಿ ಕತೆಯ ಮೊದಲ ದೃಶ್ಯ ಇದೇ ಆದ್ರೆ ಒಳ್ಳೇದು ಅಂತ ನನ್ನ ಅಭಿಪ್ರಾಯ, ಅದಕ್ಕಿಂತ ಹಿಂದಿನ ತನಿಖೆಯೆಲ್ಲ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದು.

ಮೇಲ್‌ಗೆ ಉತ್ತರ ಬರಲ್ಲ. ಕಂಪನಿಯ ಮಾರ್ಕೆಟಿಂಗ್‌ನವರು ಫೋನ್ ಮಾಡೋದು ವರದಿಗಾರ್ತಿಗಲ್ಲ, ಪತ್ರಿಕೆಯ ಜಾಹೀರಾತು ವಿಭಾಗದ ಮುಖ್ಯಸ್ಥರಿಗೆ. ಅವರಿಬ್ಬರಿಗೂ ವರ್ಷಗಟ್ಟಲೆ ಪರಿಚಯ, ದಿನಾ ಮಾತಾಡೋರು. ಆ ಫೋನಲ್ಲೂ ಸುದ್ದಿ ನಿಲ್ಸಿ ಅನ್ನೋ ಮಾತು ಇರಲ್ಲ. 'ನಿಮ್ಮ ಹುಡುಗಿ ಒಬ್ರು ಏನೋ ಮೇಲ್ ಕಳಿಸಿದಾರೆ, ನಮ್ಮ ಮೇಲಿನೋರು ಸ್ವಲ್ಪ ಬೇಜಾರಾಗಿದಾರೆ, ಮುಂದಿನ ವಾರದ ಆರ್‌ಓ ಸದ್ಯಕ್ಕೆ ಹೋಲ್ಡ್ ಮಾಡಿ ಅಂದಿದಾರೆ' ಅಷ್ಟೇ. ಆರ್‌ಓ ಅಂದ್ರೆ ರಿಲೀಸ್ ಆರ್ಡರ್, ಯಾವ ದಿನ ಯಾವ ಪುಟದಲ್ಲಿ ಎಷ್ಟು ಅಳತೆಯ ಜಾಹೀರಾತು ಅಂತ ಬರೆದು ಕೊಡೋ ಕಾಗದ. ಇದರಲ್ಲಿ ಬೆದರಿಕೆ ಎಲ್ಲಿದೆ ಹೇಳಿ? ಜಾಹೀರಾತು ಕೊಡೋದು ಬಿಡೋದು ಅವರ ಇಷ್ಟ. ಆದ್ರೆ ಫೋನ್ ಇಟ್ಟ ಮೇಲೆ ಜಾಹೀರಾತು ಮುಖ್ಯಸ್ಥರ ಎದೆ ಹೊಡ್ಕೊಳ್ತಿರತ್ತೆ, ಅವರ ತಿಂಗಳ ಟಾರ್ಗೆಟ್ ಆ ಕಾಗದದ ಮೇಲೆ ನಿಂತಿದೆ. ಅವರು ಎದ್ದು ಸಂಪಾದಕರ ಕ್ಯಾಬಿನ್‌ಗೆ ಹೋಗ್ತಾರೆ. ಕತೇಲಿ ಈ ಮನುಷ್ಯನನ್ನ ಖಳ ಮಾಡಬಾರದು, ಅವನ ಕೆಲಸ ಅವನು ಮಾಡ್ತಿದಾನೆ, ಅವನು ತರೋ ದುಡ್ಡಲ್ಲೇ ವರದಿಗಾರ್ತಿ ಸಂಬಳವೂ ಬರೋದು.

ಹಿಂಗಾಗಿ ಒತ್ತಡ ಅವಳ ಮೇಜಿಗೆ ಬರೋ ಹೊತ್ತಿಗೆ ಎರಡು ಮೂರು ಕೈ ದಾಟಿ, ಪ್ರತಿ ಕೈಯಲ್ಲೂ ಸ್ವಲ್ಪ ಮೆತ್ತಗಾಗಿ, ಕೊನೆಗೆ ಸಂಪಾದಕೀಯ ಸಲಹೆಯ ರೂಪದಲ್ಲಿ ಬರತ್ತೆ. ಆ ದೃಶ್ಯ ಈ ಕತೆಯ ಹೃದಯ, ಇದನ್ನ ಅವಸರ ಮಾಡದೇ ಬರೀಬೇಕು. ಸಂಪಾದಕರು ಅವಳನ್ನ ಕರೀತಾರೆ, ಕೂತ್ಕೋ ಅಂತಾರೆ, ಅವರ ಮುಂದೆ ಅವಳು ಬರೆದ ಸುದ್ದಿಯ ಕಾಪಿ ಪ್ರಿಂಟ್ ಆಗಿ ಇದೆ.

"ಓದ್ದೆ, ಚೆನ್ನಾಗಿ ಬರ್ದಿದೀಯ. ಈ ಲೆಟರ್ ಅಸಲಿನಾ?"

"ಹೌದು ಸರ್, ಇಲಾಖೆ ರಿಜಿಸ್ಟರಲ್ಲಿ ನಂಬರ್ ನೋಡ್ಕೊಂಡ್ ಬಂದೆ."

"ಕಂಪನಿಯೋರ ವರ್ಷನ್?"

"ಮೇಲ್ ಮಾಡಿದೀನಿ ಸರ್, ಎರಡು ಸಲ ಫೋನೂ ಮಾಡ್ದೆ. ನಾಳೆ ಸಂಜೆವರೆಗೂ ಟೈಮ್ ಕೊಟ್ಟಿದೀನಿ."

"ಮಾತಾಡಿರೋರು ನಿಜವಾಗ್ಲೂ ಮನೆ ತಗೊಂಡಿರೋರಾ, ಇಲ್ಲ ಬೇರೆ ಬಿಲ್ಡರ್ ಕಡೆಯೋರು ಕಳ್ಸಿರೋದಾ?"

"ಮೂರೂ ಜನರ ನೋಂದಣಿ ಪತ್ರ ನೋಡಿದೀನಿ ಸರ್."

"ಹ್ಮ್. ಆದ್ರೆ ಇವರೊಬ್ಬರದ್ದೇ ಯಾಕೆ? ಬೇರೆಯೋರೂ ಹಿಂಗೇ ಮಾಡಿರ್ತಾರಲ್ಲ, ಎಲ್ಲಾ ಸೇರಿಸಿ ದೊಡ್ಡ ಸ್ಟೋರಿ ಮಾಡೋಣ. ಒಂದು ತಿಂಗಳು ತಗೋ. ಅವಸರ ಏನಿದೆ?"

ಈ ಮಾತುಕತೆಯಲ್ಲಿ ಜಾಹೀರಾತು ಅನ್ನೋ ಪದ ಒಂದು ಸಲವೂ ಬಂದಿಲ್ಲ ನೋಡಿ. ಮೊದಲ ಮೂರು ಪ್ರಶ್ನೆಗಳು ಯಾವ ಒಳ್ಳೆಯ ಸಂಪಾದಕರೂ ಕೇಳಲೇಬೇಕಾದಂಥವು, ಕೇಳದಿದ್ರೆ ಅವರು ಕೆಲಸ ಮಾಡ್ತಿಲ್ಲ ಅಂತ ಅರ್ಥ. ಕೊನೆಯ ಪ್ರಶ್ನೆಯೂ ಕೇಳೋಕೆ ಚೆನ್ನಾಗೇ ಇದೆ, ಸುದ್ದಿಯನ್ನ ಇನ್ನೂ ದೊಡ್ಡದು ಮಾಡು ಅಂತಿದಾರೆ ತಾನೆ? ಹೊಸ ವರದಿಗಾರ್ತಿಗೆ ಇದು ಪಾಠವಾ ತಡೆಯಾ ಅಂತ ಗೊತ್ತಾಗಲ್ಲ. ಅವಳ ನಿಜವಾದ ಸಂಕಟ ಇದು, ಎದುರಿಗೆ ಕೆಟ್ಟವನೊಬ್ಬ ನಿಂತಿದ್ರೆ ಅವನನ್ನ ಎದುರಿಸೋದು ಸುಲಭ ಇತ್ತು, ಇಲ್ಲಿ ಎದುರಿಗಿರೋರು ಅವಳಿಗೆ ಬರೆಯೋದು ಕಲಿಸಿದ ಮನುಷ್ಯ.

ಎರಡಕ್ಕೂ ವ್ಯತ್ಯಾಸ ಹೇಗೆ ತಿಳಿಯೋದು ಅಂದ್ರೆ, ನಿಜವಾದ ಎಡಿಟಿಂಗ್ ಪ್ರಶ್ನೆಗೆ ಉತ್ತರ ಸಿಕ್ಕ ಕೂಡ್ಲೆ ಅದು ಮುಗಿಯತ್ತೆ. ಪತ್ರ ಅಸಲಿ ಅಂತ ಗೊತ್ತಾಯ್ತು, ಮುಂದಕ್ಕೆ ಹೋಯ್ತು. ಒತ್ತಡದಿಂದ ಹುಟ್ಟಿದ ಪ್ರಶ್ನೆ ಹಂಗಲ್ಲ, ಒಂದಕ್ಕೆ ಉತ್ತರ ಕೊಟ್ರೆ ಅದು ಬೇರೆ ರೂಪ ತಗೊಂಡು ಮತ್ತೆ ಬರತ್ತೆ, ಯಾಕಂದ್ರೆ ಅದಕ್ಕೆ ಬೇಕಾಗಿರೋದು ಉತ್ತರ ಅಲ್ಲ, ಸಮಯ. ಮೊದಲು ದಾಖಲೆ ಸಾಲದು, ದಾಖಲೆ ಇದೆ ಅಂದ್ರೆ ಕಂಪನಿ ಉತ್ತರ ಬರ್ಲಿ, ಉತ್ತರ ಬರ್ಲಿಲ್ಲ ಅಂತ ಬರೆಯೋಣ ಅಂದ್ರೆ ವಕೀಲರು ನೋಡ್ಲಿ, ವಕೀಲರು ನೋಡಿ ಓಕೆ ಅಂದ್ರೆ ಎಲ್ಲ ಬಿಲ್ಡರ್‌ಗಳದ್ದೂ ಸೇರಿಸೋಣ. ಇನ್ನೊಂದು ಗುರುತೂ ಇದೆ: ಇದೇ ಸುದ್ದಿ ಜಾಹೀರಾತು ಕೊಡದ ಸಣ್ಣ ಬಿಲ್ಡರ್ ಮೇಲೆ ಇದ್ದಿದ್ರೆ ಇದೇ ಪ್ರಶ್ನೆ ಬರ್ತಿತ್ತಾ? ಕತೇಲಿ ಇದನ್ನ ತೋರಿಸೋದು ಸುಲಭ, ಹಿಂದಿನ ವಾರ ಅವಳೇ ಬರೆದ, ಒಂದೇ ದಾಖಲೆ ಮೇಲೆ ನಿಂತಿದ್ದ, ಒಂದು ಪ್ರಶ್ನೆಯೂ ಇಲ್ಲದೇ ಪ್ರಿಂಟ್ ಆದ ಒಂದು ಸಣ್ಣ ಸುದ್ದಿ ಅವಳಿಗೆ ನೆನಪಾದ್ರೆ ಸಾಕು, ಓದುಗರೇ ಅರ್ಥ ಮಾಡ್ಕೊಳ್ತಾರೆ, ನೀವು ವಿವರಿಸಬೇಕಿಲ್ಲ.

ಇನ್ನು ದುಡ್ಡಿನ ಭಯ ಯಾಕೆ ಅಷ್ಟು ಗಟ್ಟಿ ಅನ್ನೋದು ಕತೇಲಿ ಕಣ್ಣಿಗೆ ಕಾಣಬೇಕು, ಅದಕ್ಕೆ ಡಮ್ಮಿಗಿಂತ ಒಳ್ಳೇದು ಇನ್ನೊಂದಿಲ್ಲ. ಪತ್ರಿಕೆಯ ಪುಟ ಕಟ್ಟೋಕೆ ಮುಂಚೆ ಬರೋ ನಕ್ಷೆ ಅದು. ಓದುಗರು ಅಂದ್ಕೊಂಡಿರೋದು ಮೊದಲು ಸುದ್ದಿ ಇಟ್ಟು ಉಳಿದ ಜಾಗಕ್ಕೆ ಜಾಹೀರಾತು ಹಾಕ್ತಾರೆ ಅಂತ, ನಡೆಯೋದು ಉಲ್ಟಾ. ಜಾಹೀರಾತುಗಳ ಜಾಗ ಮೊದಲೇ ಗುರುತಾಗಿ ಬರತ್ತೆ, ಉಳಿದ ಖಾಲಿ ಜಾಗಕ್ಕೆ ಡೆಸ್ಕ್‌ನವರು ಸುದ್ದಿ ಕೂರಿಸ್ತಾರೆ. ಓದುಗರು ಪತ್ರಿಕೆಗೆ ಕೊಡೋ ಬೆಲೆಯಲ್ಲಿ ಕಾಗದ, ಪ್ರಿಂಟಿಂಗ್, ಸಾಗಾಣಿಕೆ ಖರ್ಚೇ ಪೂರ್ತಿ ಹುಟ್ಟದ ಪತ್ರಿಕೆಗಳು ಬೇಕಾದಷ್ಟಿವೆ, ಮಿಕ್ಕಿದ್ದೆಲ್ಲ ಜಾಹೀರಾತಿಂದಲೇ ಬರಬೇಕು. ನಮ್ಮ ಕತೇಲಿ ವಾರಾಂತ್ಯದ ಪುರವಣಿಯ ಡಮ್ಮಿ ಬರತ್ತೆ, ಯಾವಾಗ್ಲೂ ಆ ಬಿಲ್ಡರ್ ಹೆಸರು ಬರೆದಿರ್ತಿದ್ದ ಪೂರ್ತಿ ಪುಟ ಈ ಸಲ ಖಾಲಿ. ಅದನ್ನ ಡೆಸ್ಕ್‌ನಲ್ಲಿರೋ ಎಲ್ಲರೂ ನೋಡ್ತಾರೆ. ಅಲ್ಲಿಂದ ಮುಂದೆ ಒತ್ತಡ ಹಾಕೋಕೆ ಯಾವ ಮೇಲಿನವರೂ ಬೇಕಿಲ್ಲ, ಜೊತೆಗಿರೋರೇ ಕ್ಯಾಂಟೀನಲ್ಲಿ ಮೆಲ್ಲಗೆ 'ಈ ವರ್ಷ ಇನ್ಕ್ರಿಮೆಂಟ್ ಕಥೆ ಏನೋಪ್ಪ' ಅಂದ್ರೆ ಅವಳಿಗೆ ಅದೇ ಸಾಕು.

ಇದೆಲ್ಲ ಕಲ್ಪನೆ ಅಂತ ಯಾರಿಗಾದ್ರೂ ಅನ್ನಿಸಿದ್ರೆ ದಾಖಲಾಗಿರೋ ಪ್ರಕರಣಗಳನ್ನ ನೋಡಬಹುದು. 1954ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಇನ್ನೂ ಮಾರುಕಟ್ಟೆಗೆ ಬಾರದ ಕಾರ್ ಮಾಡೆಲ್‌ಗಳ ವಿವರ ಮುಂಚೆಯೇ ಪ್ರಕಟಿಸ್ತು ಅಂತ ಜನರಲ್ ಮೋಟಾರ್ಸ್ ತನ್ನ ಜಾಹೀರಾತು ವಾಪಸ್ ತಗೊಂಡ್ತು. ಪತ್ರಿಕೆ ಬಗ್ಗಲಿಲ್ಲ, ಕೊನೆಗೆ ಕಂಪನಿಯೇ ಜಾಹೀರಾತಿಗೆ ಮರಳಿತು. ಇದು ಎಲ್ಲರೂ ಹೇಳೋಕೆ ಇಷ್ಟಪಡೋ ಕತೆ. ಅದಕ್ಕಿಂತ ನಮ್ಮ ಕೆಲಸಕ್ಕೆ ಬರೋದು 1994ರ ಸ್ಯಾನ್ ಹೋಸೆ ಮರ್ಕ್ಯುರಿ ನ್ಯೂಸ್ ಅನ್ನೋ ಅಮೆರಿಕದ ಪತ್ರಿಕೆಯ ಪ್ರಕರಣ. ಕಾರ್ ಡೀಲರ್ ಹತ್ರ ಚೌಕಾಸಿ ಮಾಡೋದು ಹೇಗೆ ಅಂತ ಓದುಗರಿಗೆ ಹೇಳ್ಕೊಟ್ಟ ಒಂದು ಲೇಖನ ಬಂತು, ಅದಕ್ಕೆ ಆ ಭಾಗದ ಡೀಲರ್‌ಗಳು ಸಿಟ್ಟಾಗಿ ಒಟ್ಟಿಗೆ ಸೇರಿ ಜಾಹೀರಾತು ನಿಲ್ಲಿಸಿದ್ರು. ವ್ಯಾಪಾರದಲ್ಲಿ ಪೈಪೋಟಿ ಕಾಯೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದನ್ನ ಕೈಗೆತ್ತಿಕೊಂಡು, 1995ರಲ್ಲಿ ಡೀಲರ್‌ಗಳ ಸಂಘ ಇನ್ಮೇಲೆ ಇಂಥ ಬಹಿಷ್ಕಾರ ಮಾಡಲ್ಲ ಅಂತ ಒಪ್ಪಂದಕ್ಕೆ ಬರಬೇಕಾಯ್ತು. ಇಲ್ಲಿ ಕಾನೂನು ಹಿಡಿದದ್ದು ಏನನ್ನ ಅಂತ ಸರಿಯಾಗಿ ನೋಡಿ: ಸುದ್ದಿ ಮೇಲೆ ಒತ್ತಡ ತಂದಿದ್ದನ್ನಲ್ಲ, ಒಬ್ಬರಿಗೊಬ್ಬರು ಪೈಪೋಟಿ ಮಾಡಬೇಕಾದ ವ್ಯಾಪಾರಿಗಳು ಒಳಗೊಳಗೇ ಕೂಡ್ಕೊಂಡು ಬಹಿಷ್ಕಾರ ಹಾಕಿದ್ದನ್ನ. ಒಬ್ಬನೇ ಡೀಲರ್ ಸಿಟ್ಟಲ್ಲಿ ಜಾಹೀರಾತು ನಿಲ್ಸಿದ್ರೆ ಆ ಕಾನೂನು ಅವನ ಹತ್ರ ಸುಳಿಯಲ್ಲ. ನಮ್ಮ ಕತೆಯ ಬಿಲ್ಡರ್ ಒಬ್ಬನೇ. ಅದಕ್ಕೇ ವರದಿಗಾರ್ತಿ ಕೋರ್ಟಿಗೆ ಹೋಗಿ ಗೆಲ್ಲೋ ಅಂತ್ಯ ಬರೆದ್ರೆ ಅದು ಸುಳ್ಳಾಗತ್ತೆ.

2015ರಲ್ಲಿ ಇಂಗ್ಲೆಂಡಿನ ಡೈಲಿ ಟೆಲಿಗ್ರಾಫ್ ಬಿಟ್ಟ ಪೀಟರ್ ಓಬೋರ್ನ್, ಎಚ್‌ಎಸ್‌ಬಿಸಿ ಬ್ಯಾಂಕ್ ದೊಡ್ಡ ಜಾಹೀರಾತುದಾರ ಆಗಿರೋದ್ರಿಂದ ಅದರ ಮೇಲಿನ ಸುದ್ದಿಗಳನ್ನ ಪತ್ರಿಕೆ ತಗ್ಗಿಸಿ ಹಾಕ್ತಿದೆ ಅಂತ ಬಹಿರಂಗವಾಗಿ ಬರೆದ್ರು, ಪತ್ರಿಕೆ ಆ ಆರೋಪ ಒಪ್ಪಲಿಲ್ಲ. ಇಲ್ಲಿ ನಮಗೆ ಮುಖ್ಯ ಆಗೋದು ಅವರ ಸ್ಥಾನ. ಅವರು ಆ ಪತ್ರಿಕೆಯ ಮುಖ್ಯ ರಾಜಕೀಯ ಅಂಕಣಕಾರ, ಹೆಸರು ಮಾಡಿದವರು, ರಾಜೀನಾಮೆ ಕೊಟ್ರೆ ಅದೇ ಸುದ್ದಿ ಆಗತ್ತೆ. ಕೆಲಸ ಖಾಯಂ ಆಗದ ಹುಡುಗಿ ರಾಜೀನಾಮೆ ಕೊಟ್ರೆ ಮಾರನೇ ದಿನ ಆ ಕುರ್ಚೀಲಿ ಇನ್ನೊಬ್ರು ಕೂತಿರ್ತಾರೆ, ಬಿಲ್ಡರ್ ಸುದ್ದಿಯ ಹಿಂದೆ ಬಿದ್ದು ಅದನ್ನ ಪೂರ್ತಿ ಮಾಡೋರು ಯಾರೂ ಇರಲ್ಲ. ಕತೆಯ ವಸ್ತುವಿನಲ್ಲಿ 'ಯುವ' ಅನ್ನೋ ಮಾತಿಗೆ ಇರೋ ತೂಕ ಅದು. ಅವಳ ವಯಸ್ಸಿಂದ ಅವಳ ಮುಂದಿರೋ ದಾರಿಗಳು ಕಮ್ಮಿ ಆಗ್ತವೆ, ರಾಜೀನಾಮೆಯನ್ನ ಗೆಲುವು ಅನ್ನೋ ಹಾಗೆ ಬರೆಯೋಕೆ ಬರಲ್ಲ.

ಸುದ್ದಿ ಸಾಯೋ ರೀತಿಯನ್ನೂ ಸ್ವಲ್ಪ ನಿಧಾನವಾಗಿ ತೋರಿಸಬೇಕು. ಒಂದೇ ಏಟಿಗೆ 'ಕಿಲ್' ಆಗೋ ಸುದ್ದಿಗಿಂತ ಸವೆದು ಸವೆದು ಹೋಗೋ ಸುದ್ದಿಗಳೇ ಜಾಸ್ತಿ. ಮೊದಲು ಹೆಡ್‌ಲೈನ್‌ನಿಂದ ಕಂಪನಿ ಹೆಸರು ಹೋಗತ್ತೆ, 'ಪ್ರತಿಷ್ಠಿತ ಸಂಸ್ಥೆ' ಬರತ್ತೆ. ಆಮೇಲೆ ಮುಖಪುಟದಿಂದ ಒಳಪುಟಕ್ಕೆ. ಫೋಟೋ ಇಲ್ಲ. ಆಮೇಲೆ 'ಇಲಾಖೆಯ ಪತ್ರದಲ್ಲಿ ಪಂಪ್ ಕೆಲಸ ಮಾಡುತ್ತಿಲ್ಲ ಎಂದಿದೆ' ಅನ್ನೋ ವಾಕ್ಯ ಹೋಗಿ 'ಕೆಲವು ತಾಂತ್ರಿಕ ಅಂಶಗಳ ಬಗ್ಗೆ ಇಲಾಖೆ ಸ್ಪಷ್ಟನೆ ಕೇಳಿದೆ' ಅಂತ ಆಗತ್ತೆ. ಎರಡೂ ಸುಳ್ಳಲ್ಲ. ಆದ್ರೆ ಹದಿನೈದನೇ ಮಹಡೀಲಿ ಮಲಗೋ ಮನುಷ್ಯನಿಗೆ ಬೇಕಾಗಿದ್ದು ಮೊದಲನೇ ವಾಕ್ಯ. ನನಗೆ ಕೇಳಿದ್ರೆ ಇಡೀ ಕತೆ ಈ ಎರಡು ವಾಕ್ಯಗಳ ಮಧ್ಯೆಯೇ ನಡೀಬೇಕು, ಅವಳು ಯಾವುದನ್ನ ಬಿಟ್ಕೊಡ್ತಾಳೆ, ಯಾವುದನ್ನ ಬಿಡಲ್ಲ ಅನ್ನೋದರ ಮೇಲೆ. ಹೆಡ್‌ಲೈನ್ ಹೋಗ್ಲಿ, ಫೋಟೋ ಹೋಗ್ಲಿ, ಬೈಲೈನಲ್ಲಿರೋ ನನ್ನ ಹೆಸರು ಕೂಡ ಹೋಗ್ಲಿ ಸರ್, ಪಂಪ್ ಅನ್ನೋ ವಾಕ್ಯ ಒಂದು ಇರ್ಲಿ ಅಂತ ಅವಳು ಕೂತು ವಾದ ಮಾಡೋ ಹಾಗೆ ಬರೆದ್ರೆ, ಅವಳ ಗಟ್ಟಿತನ ಓದುಗರಿಗೆ ಯಾವ ಭಾಷಣಕ್ಕಿಂತ ಚೆನ್ನಾಗಿ ಕಾಣತ್ತೆ. ಸಂಪಾದಕರಿಗೂ ಅಲ್ಲೊಂದು ದಾರಿ ಸಿಗತ್ತೆ, ಅವರೂ ಒಳಗೊಳಗೇ ಅಂಥದ್ದೊಂದು ದಾರಿ ಹುಡುಕ್ತಿರಬಹುದು.

ಅಂತ್ಯಕ್ಕೆ ಬಂದ್ರೆ, ಬೇರೆ ಪತ್ರಿಕೆಗೆ ಸುದ್ದಿ ದಾಟಿಸಿಬಿಡೋ ದಾರಿ ತುಂಬ ಜನಕ್ಕೆ ಇಷ್ಟ ಆಗತ್ತೆ. ಅದು ಸಾಧ್ಯ, ಆದ್ರೆ ಪುಕ್ಕಟೆ ಅಲ್ಲ. ಸಂಬಳ ತಗೊಂಡು ಬರೆದ ಕಾಪಿ ಸಾಮಾನ್ಯವಾಗಿ ಪತ್ರಿಕೆಯ ಸ್ವತ್ತು, ಅದನ್ನ ಹೊರಗೆ ಕೊಟ್ರೆ ಕೆಲಸ ಹೋಗತ್ತೆ. ಅದಕ್ಕಿಂತ ದೊಡ್ಡ ತೊಡಕು ಆ ಪತ್ರವನ್ನ ಅವಳಿಗೆ ಕೊಟ್ಟವರದ್ದು, ಅವರು ನಂಬಿದ್ದು ಇವಳನ್ನ, ಅವರನ್ನ ಕೇಳದೇ ಅದು ಇನ್ನೊಬ್ಬರ ಕೈಗೆ ಹೋಗೋ ಹಾಗಿಲ್ಲ. ಕತೇಲಿ ಆ ದಾರಿ ಹಿಡಿಯೋದಾದ್ರೆ ಮೊದಲು ಅವಳು ಅವರ ಮನೆ ಬಾಗಿಲಿಗೆ ಹೋಗಿ ಒಪ್ಪಿಗೆ ಕೇಳೋ ದೃಶ್ಯ ಬೇಕೇ ಬೇಕು.

ಹೆಸರು ಕೊಟ್ಟು ಮಾತಾಡಿದ ಆ ಮೂರು ಜನರನ್ನೂ ಕತೆಗಾರರು ಮಧ್ಯದಲ್ಲೇ ಮರೆತುಬಿಡ್ತಾರೆ, ನನಗೆ ಅತಿ ಬೇಸರ ತರಿಸೋ ವಿಷಯ ಅದು. ವರದಿಗಾರ್ತಿಯ ಆತ್ಮಸಾಕ್ಷಿ, ಅವಳ ಕಣ್ಣೀರು, ಅವಳ ಕೆಲಸ, ಪುಟಗಟ್ಟಲೆ ಅದೇ ನಡೀತಿರತ್ತೆ. ಸುದ್ದಿ ತಡ ಆದಷ್ಟೂ ಅಪಾಯ ಏರೋದು ಆ ಮೂವರಿಗೆ. ಕಂಪನಿಗೆ ಮೇಲ್ ಹೋಗಿದೆ, ಯಾರು ಮಾತಾಡಿರಬಹುದು ಅಂತ ಅಲ್ಲಿ ಲೆಕ್ಕ ಶುರುವಾಗಿರತ್ತೆ, ನಾಳೆ ಮೇಂಟೆನೆನ್ಸ್ ಆಫೀಸಿನವರು ಒಂದು ಮಾತು ಕೇಳಬಹುದು, ಬಾಕಿ ಇರೋ ಕೆಲಸ ಮಾಡಿಕೊಡದೇ ಸತಾಯಿಸಬಹುದು. ಪ್ರಕಟ ಆದ ಸುದ್ದಿ ಅವರಿಗೆ ಒಂದು ರಕ್ಷಣೆ, ಪ್ರಕಟ ಆಗದೇ ಉಳಿದ ಸುದ್ದಿಯಲ್ಲಿ ಅವರ ಹೆಸರು ಮಾತ್ರ ಬಯಲಾಗಿರತ್ತೆ. ಹಾಗಾಗಿ ಸಂಪಾದಕರು 'ಒಂದು ತಿಂಗಳು ತಗೋ' ಅಂದಾಗ ಅವಳು ಕೊಡಬೇಕಾದ ಉತ್ತರ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಅಲ್ಲ. "ಸರ್, ಅವರ ಹೆಸರು ಈಗಾಗ್ಲೇ ಕಂಪನಿಯೋರಿಗೆ ಗೊತ್ತಾಗಿರತ್ತೆ, ತಿಂಗಳು ಬಿಟ್ರೆ ಅವರ ಗತಿ ಏನು?" ಅಂತ ಕೇಳಿದ್ರೆ ಅದು ಸಂಪಾದಕರಿಗೆ ತಟ್ಟತ್ತೆ, ಯಾಕಂದ್ರೆ ಅವರೂ ಒಂದು ಕಾಲಕ್ಕೆ ಯಾರದ್ದೋ ಹೆಸರು ಹಾಕಿ ಸುದ್ದಿ ಬರೆದವರೇ.

ಹಂಗೂ ಸುದ್ದಿ ತಡೆದೇ ಹೋಯ್ತು ಅನ್ನೋ ಅಂತ್ಯವನ್ನ ನೀವು ಆರಿಸ್ಕೊಂಡ್ರೆ, ಆಮೇಲೆ ಅವಳು ಮಾಡೋ ಕೆಲಸಗಳು ಸಣ್ಣವು, ಆದ್ರೆ ಕತೇಲಿ ಇರಬೇಕಾದಂಥವು. ಮೂರೂ ಜನಕ್ಕೆ ಅವಳೇ ಫೋನ್ ಮಾಡಿ ಸುದ್ದಿ ಸದ್ಯಕ್ಕೆ ಬರಲ್ಲ ಅಂತ ನೇರವಾಗಿ ಹೇಳ್ತಾಳೆ, ಆ ಪತ್ರವನ್ನ ಇಲಾಖೆಗೆ ಅರ್ಜಿ ಹಾಕಿ ನೀವೇ ತಗೋಬಹುದು, ಅದಕ್ಕೆ ನನ್ನ ಪತ್ರಿಕೆ ಬೇಕಿಲ್ಲ ಅಂತ ನಂಬರು, ದಿನಾಂಕ ಬರೆಸ್ತಾಳೆ. ಕಂಪನಿಗೆ ಕಳಿಸಿದ ಮೇಲ್, ಸಂಪಾದಕರಿಗೆ ಕಾಪಿ ಕೊಟ್ಟ ದಿನ, ಮೊದಲ ಕಾಪಿ, ಎಲ್ಲಾ ಜೋಪಾನ ಮಾಡಿ ಇಟ್ಕೊಳ್ತಾಳೆ. ಆಮೇಲೆ ನಿವಾಸಿಗಳೇ ಇಲಾಖೆಗೆ ದೂರು ಕೊಟ್ರೆ, ಇಲಾಖೆ ಆ ಕಟ್ಟಡಕ್ಕೆ ಎರಡನೇ ನೋಟಿಸ್ ಕೊಟ್ರೆ, ಅದು ಎಲ್ಲ ಪತ್ರಿಕೆಗಳಿಗೂ ಸಿಗೋ ಸುದ್ದಿ ಆಗತ್ತೆ, ಆಗ ಒಂದು ಪತ್ರಿಕೆ ಮಾತ್ರ ಸುಮ್ಮನಿರೋದು ಸಂಪಾದಕರಿಗೇ ಕಷ್ಟ, ಜಾಹೀರಾತು ಮುಖ್ಯಸ್ಥರೂ ಬಿಲ್ಡರ್‌ಗೆ 'ಎಲ್ಲಾರೂ ಹಾಕ್ತಿದಾರೆ ಸರ್, ನಾವೇನು ಮಾಡೋಕಾಗತ್ತೆ' ಅಂತ ಹೇಳಬಹುದು. ಅವತ್ತು ಡೆಸ್ಕ್‌ನವರು ಹಿನ್ನೆಲೆ ಬರೆಯೋಕೆ ಯಾರ ಹತ್ರ ಏನಿದೆ ಅಂತ ಕೇಳ್ತಾರೆ, ಅವಳು ಫೈಲ್ ತೆಗೀತಾಳೆ.